ಪಿಡಿಎಫ್ ಕಡತದಿಂದ ಖಾಸಗಿ ವಿವರ ತೆಗೆಯುವುದು

ಸಾರ್ವಜನಿಕರಿಗೆ ಕೊಡಬೇಕಾದ ಕಡತದಲ್ಲಿ ಕೆಲವು ಭಾಗ ಮಾತ್ರ ಖಾಸಗಿಯಾಗಿದ್ದರೆ, ಆ ಭಾಗವನ್ನು ತೆಗೆದು ಉಳಿದದ್ದನ್ನು ಕೊಡುವ ಕ್ರಮಕ್ಕೆ ರಿಡ್ಯಾಕ್ಷನ್ ಎನ್ನುತ್ತಾರೆ. ಕಾಗದದ ಕಾಲದಲ್ಲಿ ಇದಕ್ಕೆ ಮಸಿ ಬಳಿದರೆ ಸಾಕಾಗುತ್ತಿತ್ತು. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದರೆ ಅಕ್ಷರ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಕಡತದಿಂದ ಹೋಗುವುದಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಬೆರಳಚ್ಚು ಮುಂತಾದವು ಸರ್ಕಾರಿ ಪಟ್ಟಿಗಳ ಮೂಲಕ ಹೊರಬೀಳಲು ಈ ವ್ಯತ್ಯಾಸ ತಿಳಿಯದಿರುವುದೂ ಒಂದು ಕಾರಣ. ಕನ್ನಡದ ಕಡತಗಳಲ್ಲಿ ಇದರ ಜೊತೆಗೆ ಇನ್ನೂ ಕೆಲವು ತೊಡಕುಗಳಿವೆ.

ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಹಿರೇಗುಂಟನೂರಿನಂಥ ಊರಿನಲ್ಲಿ ಈ ಕೆಲಸದ ಅಗತ್ಯ ದಿನವೂ ಬೀಳುವಂಥದ್ದು. ಬೆಳೆ ಪರಿಹಾರದ ಪಟ್ಟಿ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ಉದ್ಯೋಗ ಖಾತರಿಯ ಹಾಜರಿ ಎಲ್ಲವೂ ಹೆಸರು ಮತ್ತು ಸಂಖ್ಯೆಗಳಿಂದ ತುಂಬಿರುತ್ತವೆ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆ ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಹೋದವರ ಪರಿಹಾರದ ಕಾಗದಗಳೂ ಅಂಥವೇ. ಯಾರಿಗೆ ಎಷ್ಟು ಹಣ ಬಂತು ಎಂದು ಊರಿನವರು ಕೇಳುವುದು ನ್ಯಾಯವೇ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆನ್ನುತ್ತದೆ. ಅದೇ ಕಾಯ್ದೆಯ 10ನೇ ಕಲಮು, ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಲು ದಾರಿ ಮಾಡಿದೆ. 2016ರ ಆಧಾರ್ ಕಾಯ್ದೆಯ 29ನೇ ಕಲಮಿನ ಪ್ರಕಾರ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ. ಹೀಗಾಗಿ ಪರಿಹಾರದ ಪಟ್ಟಿಯಲ್ಲಿ ಹೆಸರು ಮತ್ತು ಮೊತ್ತ ಸಾಮಾನ್ಯವಾಗಿ ಉಳಿಯುತ್ತವೆ; ಆಧಾರ್, ಖಾತೆ ಸಂಖ್ಯೆ, ಮೊಬೈಲ್ ನಂಬರು ಹೋಗುತ್ತವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಕಾಗದವಾದರೆ ಹೆಸರೇ ಹೋಗಬೇಕು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಮು ಶಾಲೆ, ಮನೆತನ, ನೆರೆಹೊರೆಯಂಥ ಗುರುತು ಹತ್ತಿಸುವ ವಿವರವನ್ನೂ ಮಾಧ್ಯಮದಲ್ಲಿ ಹೊರಗೆಡಹಬಾರದೆನ್ನುತ್ತದೆ. ಆದ್ದರಿಂದ ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಏನು ಉಳಿಯಬೇಕು, ಏನು ಹೋಗಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಎಲ್ಲಕ್ಕೂ ಕಪ್ಪು ಬಳಿದು ಕೊಡುವುದು ಸುಲಭ, ಆದರೆ ಅದು ಮಾಹಿತಿಯನ್ನೇ ನಿರಾಕರಿಸಿದಂತೆ.

ಕಪ್ಪು ಪಟ್ಟಿಯ ಕೆಳಗೆ ಅಕ್ಷರ ಹೇಗೆ ಉಳಿಯುತ್ತದೆ ಎನ್ನುವುದು ಪಿಡಿಎಫ್‌ನ ಒಳರಚನೆ ನೋಡಿದರೆ ತಿಳಿಯುತ್ತದೆ. ಅಡೋಬಿ ಕಂಪನಿ 1993ರಲ್ಲಿ ಹೊರತಂದ ಈ ನಮೂನೆ 2008ರಲ್ಲಿ ಐಎಸ್ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಪಿಡಿಎಫ್‌ನ ಪುಟ ಒಂದು ಚಿತ್ರವಲ್ಲ, ಅದು ಆಜ್ಞೆಗಳ ಸಾಲು. ಈ ಅಕ್ಷರಶೈಲಿ ತೆಗೆದುಕೋ, ಇಲ್ಲಿ ನಿಲ್ಲು, ಇದನ್ನು ಬರೆ, ಅದರ ಮೇಲೆ ಚೌಕ ತುಂಬು ಎಂದು ಒಂದಾದ ಮೇಲೊಂದು ಆಜ್ಞೆ ಬರುತ್ತದೆ. ಆಧಾರ್ ಸಂಖ್ಯೆಯ ಮೇಲೆ ಕಪ್ಪು ಚೌಕ ಎಳೆದ ಪುಟದ ಒಳಗೆ ಹೆಚ್ಚುಕಡಿಮೆ ಹೀಗಿರುತ್ತದೆ:

```
BT
/F1 12 Tf
72 700 Td
(1234 5678 9012) Tj
ET
0 0 0 rg
70 696 120 16 re
f
```

ಮೊದಲ ಐದು ಸಾಲು ಸಂಖ್ಯೆಯನ್ನು ಬರೆಯುತ್ತವೆ. ಕೊನೆಯ ಮೂರು ಸಾಲು ಬಣ್ಣವನ್ನು ಕಪ್ಪಿಗೆ ಬದಲಿಸಿ 120 ಪಾಯಿಂಟ್ ಅಗಲ, 16 ಪಾಯಿಂಟ್ ಎತ್ತರದ ಚೌಕ ತುಂಬುತ್ತವೆ. ಚೌಕ ಬಂತೆಂದು ಸಂಖ್ಯೆಯ ಸಾಲು ಎಲ್ಲಿಗೂ ಹೋಗಿಲ್ಲ. ಪುಟದ ಮೇಲೆ ಮೌಸ್ ಎಳೆದು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದರೆ ಹನ್ನೆರಡೂ ಅಂಕಿ ಬರುತ್ತವೆ. ವರ್ಡ್‌ನಲ್ಲಿ ಅಕ್ಷರದ ಹಿನ್ನೆಲೆಯನ್ನು ಕಪ್ಪು ಮಾಡಿ ಪಿಡಿಎಫ್ ಆಗಿ ಉಳಿಸಿದರೂ, ಅಕ್ಷರವನ್ನೇ ಬಿಳಿ ಮಾಡಿದರೂ ಫಲ ಇದೇ. ಪಿಡಿಎಫ್ ಓದುವ ತಂತ್ರಾಂಶದ ಟಿಪ್ಪಣಿ ಸಾಧನದಿಂದ ಎಳೆದ ಚೌಕವಂತೂ ಇನ್ನೂ ಸಡಿಲ. ಅದು ಪುಟಕ್ಕೆ ಅಂಟಿಸಿದ ಬೇರೆ ವಸ್ತು, ಕ್ಲಿಕ್ ಮಾಡಿ ಡಿಲೀಟ್ ಒತ್ತಿದರೆ ಕಿತ್ತು ಬರುತ್ತದೆ. ಇಂಥ ಕಡತವನ್ನು ಪ್ರಿಂಟ್ ಆಯ್ಕೆಯಿಂದ ಮತ್ತೊಂದು ಪಿಡಿಎಫ್ ಮಾಡಿಕೊಂಡರೆ ಎಲ್ಲ ಒಂದಾಗುತ್ತದೆ ಎಂಬ ನಂಬಿಕೆ ಬಹಳ ಕಚೇರಿಗಳಲ್ಲಿದೆ. ಅದು ನಿಜವಲ್ಲ. ಹಲವು ಬಾರಿ ಅಕ್ಷರದ ಆಜ್ಞೆ ಹೊಸ ಕಡತಕ್ಕೂ ಹಾಗೆಯೇ ಹೋಗುತ್ತದೆ.

ದೊಡ್ಡ ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. 2005ರಲ್ಲಿ ಇರಾಕ್‌ನಲ್ಲಿ ಇಟಲಿಯ ಗುಪ್ತಚರ ಅಧಿಕಾರಿ ನಿಕೋಲಾ ಕಲಿಪಾರಿ ಅಮೆರಿಕದ ಸೈನಿಕರ ಗುಂಡಿಗೆ ಬಲಿಯಾದಾಗ, ಅಮೆರಿಕ ಸೇನೆ ಹೊರಡಿಸಿದ ವರದಿಯಲ್ಲಿ ಕಪ್ಪು ಮಾಡಿದ್ದ ಭಾಗಗಳನ್ನೆಲ್ಲ ಓದುಗರು ನಕಲಿಸಿ ಓದಿಬಿಟ್ಟರು. 2019ರ ಜನವರಿಯಲ್ಲಿ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಸಿದ ಕಾಗದದಲ್ಲೂ ಹೀಗೇ ಆಯಿತು. ಎರಡರಲ್ಲೂ ಯಾರೂ ಬೀಗ ಮುರಿಯಲಿಲ್ಲ. ಆಯ್ಕೆ ಮಾಡಿ ನಕಲಿಸಿದ್ದಷ್ಟೇ.

ನಮ್ಮಲ್ಲಿ ಹಾನಿಯ ಸ್ವರೂಪ ಬೇರೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ 2017ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಧ್ಯಯನ, ನಾಲ್ಕು ಸರ್ಕಾರಿ ಯೋಜನೆಗಳ ಜಾಲತಾಣಗಳಿಂದಲೇ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಹೊರಬಿದ್ದಿರಬಹುದೆಂದು ಅಂದಾಜು ಮಾಡಿತ್ತು. 2023ರಲ್ಲಿ ಕರ್ನಾಟಕದಲ್ಲಿ ಬೆರಳಚ್ಚಿನ ಆಧಾರದ ಮೇಲೆ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯ ವಂಚನೆಗಳು ಬೆಳಕಿಗೆ ಬಂದವು. ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳಲ್ಲಿದ್ದ ಹೆಬ್ಬೆಟ್ಟು ಗುರುತು ಮತ್ತು ಆಧಾರ್ ಸಂಖ್ಯೆಯನ್ನು ಬಳಸಿದ್ದಾರೆಂಬುದು ಆಗ ಚರ್ಚೆಯಾಯಿತು. ಖಾತೆ ಸಂಖ್ಯೆ ಬದಲಿಸಬಹುದು. ಬೆರಳು ಬದಲಿಸಲಾಗದು. ಹೆಬ್ಬೆಟ್ಟು ಒತ್ತಿ ಕ್ರಯ ಮಾಡಿಕೊಟ್ಟ ವೃದ್ಧೆಗೆ ತನ್ನ ಪತ್ರದ ಪಿಡಿಎಫ್ ಎಲ್ಲೆಲ್ಲಿ ಓಡಾಡುತ್ತಿದೆ ಎಂದು ತಿಳಿಯುವುದೇ ಇಲ್ಲ. ಆ ಹೊಣೆ ಕಡತವನ್ನು ಕೈಗೆ ಕೊಡುವವರದ್ದು.

ಕನ್ನಡದ ಕಡತಗಳಿಗೆ ಬಂದರೆ, ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಇನ್ನೂ ಸಾವಿರಗಟ್ಟಲೆ ಇವೆ. ಇವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಮಾಡಿದ ವ್ಯವಸ್ಥೆ ಇದು. ಅಂಥ ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿಯ ಕೆಳಗಿನದ್ದನ್ನು ನಕಲಿಸಿದರೆ ಹೀಗೆ ಕಾಣುತ್ತದೆ:

```
ºÉ¸ÀgÀÄ
»gÉÃUÀÄAl£ÀÆgÀÄ
```

ಪರೀಕ್ಷೆ ಮಾಡಿದವರು ಇದನ್ನು ನೋಡಿ ಒಳಗೆ ಕಸ ಬಿಟ್ಟು ಬೇರೇನೂ ಉಳಿದಿಲ್ಲ ಎಂದುಕೊಳ್ಳುವ ಅಪಾಯವಿದೆ. ಮೊದಲ ಸಾಲು ‘ಹೆಸರು’, ಎರಡನೆಯದು ‘ಹಿರೇಗುಂಟನೂರು’. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಕ್ಷಣದಲ್ಲಿ ಓದಿಕೊಡುತ್ತದೆ. ಡಿಟಿಪಿ ಮಾಡುವವರು ಕೆಲವರು ಬರಿಗಣ್ಣಿನಲ್ಲೇ ಓದುತ್ತಾರೆ. ಅಂಕಿಗಳಿಗಂತೂ ಪರಿವರ್ತಕವೂ ಬೇಕಿಲ್ಲ. ಸುತ್ತಲಿನ ಅಕ್ಷರಗಳೆಲ್ಲ ಕಲಸಿಹೋದರೂ ಆಧಾರ್‌ನ ಹನ್ನೆರಡು ಅಂಕಿ ನೆಟ್ಟಗೆ ಬರುತ್ತವೆ. ಕನ್ನಡ ಪಿಡಿಎಫ್ ಪರೀಕ್ಷಿಸುವಾಗ ಮನಸ್ಸಿನಲ್ಲಿಡಬೇಕಾದ ನಿಯಮ ಇದು: ಅಂಟಿಸಿದಾಗ ಏನಾದರೂ ಬಂತೆಂದರೆ, ಅದು ಓದಲು ಬರಲಿ ಬಿಡಲಿ, ಕೆಲಸ ಮುಗಿದಿಲ್ಲ.

ಯೂನಿಕೋಡ್‌ನಲ್ಲಿದ್ದ ಮಾತ್ರಕ್ಕೆ ಕಷ್ಟ ತಪ್ಪುವುದಿಲ್ಲ. ಹೆಸರನ್ನು ಹುಡುಕಿ ಸಿಕ್ಕಲ್ಲೆಲ್ಲ ತೆಗೆಯುವ ಸೌಲಭ್ಯ ಇಂಗ್ಲಿಷ್ ಕಡತದಲ್ಲಿ ಚೆನ್ನಾಗಿ ನಡೆಯುತ್ತದೆ, ಕನ್ನಡದಲ್ಲಿ ಕೈಕೊಡುತ್ತದೆ. ಪಿಡಿಎಫ್ ಉಳಿಸಿಕೊಳ್ಳುವುದು ಅಕ್ಷರದ ಆಕಾರವನ್ನು. ಆ ಆಕಾರಕ್ಕೆ ಯಾವ ಅಕ್ಷರ ಎಂದು ಹೇಳುವ ಕೋಷ್ಟಕ ಬೇರೆ ಇರುತ್ತದೆ, ಒತ್ತಕ್ಷರಗಳ ವಿಷಯದಲ್ಲಿ ಆ ಕೋಷ್ಟಕ ಅರೆಬರೆಯಾಗಿರುವುದು ಸಾಮಾನ್ಯ. ‘ತಿಪ್ಪೇಸ್ವಾಮಿ’ ಎಂದು ಹುಡುಕಿದರೆ ಪುಟದಲ್ಲಿ ಕಣ್ಣೆದುರೇ ಇರುವ ತಿಪ್ಪೇಸ್ವಾಮಿ ಸಿಗದೇ ಹೋಗಬಹುದು, ಏಕೆಂದರೆ ಪ-ಒತ್ತೋ ವ-ಒತ್ತೋ ಒಳಗೆ ಬೇರೆ ಕ್ರಮದಲ್ಲಿ ಕೂತಿರುತ್ತದೆ. ‘ಶೂನ್ಯ ಫಲಿತಾಂಶ’ ಎಂದು ಬಂದದ್ದನ್ನು ನಂಬಿ ಕಡತ ಹೊರಬಿಟ್ಟರೆ ಹೆಸರೂ ಅದರ ಜೊತೆ ಹೊರಗೆ ಹೋಯಿತು. ಅಂಕಿಯಲ್ಲೂ ಇದೇ ಪೇಚು: ಒಂದು ಸಾಲಿನಲ್ಲಿ ನಾಲ್ಕು ನಾಲ್ಕು ಅಂಕಿಗೆ ಜಾಗ ಬಿಟ್ಟಿರುತ್ತಾರೆ, ಇನ್ನೊಂದರಲ್ಲಿ ಬಿಟ್ಟಿರುವುದಿಲ್ಲ, ಮತ್ತೊಂದರಲ್ಲಿ ಕನ್ನಡ ಅಂಕಿ. ಆದ್ದರಿಂದ ಕನ್ನಡ ಪಟ್ಟಿಗಳಲ್ಲಿ ಪದ ಹುಡುಕುವ ದಾರಿಗಿಂತ ಜಾಗ ಗುರುತಿಸುವ ದಾರಿ ಮೇಲು. ಇಡೀ ಅಂಕಣವನ್ನೇ ಮೇಲಿಂದ ಕೆಳಗೆ ತೆಗೆದರೆ ಅದರೊಳಗೆ ಯಾವ ಲಿಪಿ, ಯಾವ ಸಂಕೇತ ಇದ್ದರೂ ಅಡ್ಡಿಯಿಲ್ಲ.

ಒಂದು ಮಾದರಿಯನ್ನು ಪೂರ್ತಿ ನೋಡೋಣ. ಬೆಳೆ ಪರಿಹಾರದ ಪಟ್ಟಿಯೊಂದು ಎ4 ಪುಟದಲ್ಲಿ ಉದ್ದುದ್ದ ಮುದ್ರಿತವಾಗಿದೆ ಎಂದಿಟ್ಟುಕೊಳ್ಳಿ. ಎಡದಿಂದ ಬಲಕ್ಕೆ ಕ್ರಮ ಸಂಖ್ಯೆ, ಹೆಸರು, ಸರ್ವೆ ನಂಬರ್, ಆಧಾರ್, ಖಾತೆ ಸಂಖ್ಯೆ, ಮೊತ್ತ. ಪುಟದ ಅಳತೆ 595 ಪಾಯಿಂಟ್ ಅಗಲ, 842 ಪಾಯಿಂಟ್ ಎತ್ತರ. ಆಧಾರ್ ಮತ್ತು ಖಾತೆಯ ಅಂಕಣಗಳು ಎಡ ಅಂಚಿನಿಂದ 330ಕ್ಕೆ ಶುರುವಾಗಿ 510ಕ್ಕೆ ಮುಗಿಯುತ್ತವೆ. ಪೈಥಾನ್ ಭಾಷೆಗೆ ಉಚಿತವಾಗಿ ಸಿಗುವ ಪೈಮ್ಯುಪಿಡಿಎಫ್ ಎಂಬ ಸಾಧನದಲ್ಲಿ ಇಷ್ಟು ಸಾಲು ಸಾಕು:

```python
import pymupdf
doc = pymupdf.open("patti.pdf")
for page in doc:
    page.add_redact_annot((330, 90, 510, 800), fill=(0, 0, 0))
    page.apply_redactions()
doc.scrub()
doc.save("patti_horage.pdf", garbage=4)
```

ಇಲ್ಲಿ ಎರಡು ಹಂತ ಬೇರೆ ಬೇರೆ ಇವೆ. `add_redact_annot` ಜಾಗವನ್ನು ಗುರುತು ಮಾಡುತ್ತದೆ ಅಷ್ಟೇ. `apply_redactions` ಬಂದಾಗಲೇ ಆ ಚೌಕಕ್ಕೆ ತಾಗಿದ ಅಕ್ಷರಗಳ ಆಜ್ಞೆಗಳು ಕಡತದಿಂದ ಹೋಗುವುದು, ಚಿತ್ರವಿದ್ದರೆ ಆ ಜಾಗದ ಬಿಂದುಗಳು ಅಳಿಯುವುದು. ತಾಗಿದ್ದೆಲ್ಲ ಹೋಗುವುದರಿಂದ ಚೌಕ ಪಕ್ಕದ ಅಂಕಣದ ಮೇಲೆ ಚೂರು ಏರಿದರೂ ಅಲ್ಲಿನ ಕೊನೆಯ ಅಕ್ಷರ ಮಾಯವಾಗುತ್ತದೆ, ಮೊತ್ತದ ಮೊದಲ ಅಂಕಿಯೂ ಹಾರಿಹೋಗಬಹುದು. ಮುಗಿದ ಮೇಲೆ ಉಳಿದ ಅಂಕಣಗಳನ್ನು ಮೂಲದ ಜೊತೆ ತಾಳೆ ನೋಡಲೇಬೇಕು. ಅಡ್ಡಡ್ಡ ಪುಟವಾದರೆ ಅಳತೆ ಬದಲಾಗುತ್ತದೆ. ಮೊದಲು ಒಂದೇ ಪುಟದ ಮೇಲೆ ಪ್ರಯತ್ನಿಸಿ ಚೌಕ ಸರಿಯಾದಲ್ಲಿ ಬಿತ್ತೇ ಎಂದು ನೋಡುವುದು ಒಳ್ಳೆಯದು.

ಅಕ್ರೊಬ್ಯಾಟ್ ಪ್ರೊ ಬಳಸುವವರಿಗೂ ಹೀಗೆಯೇ ಎರಡು ಹಂತ ಇವೆ. ರಿಡ್ಯಾಕ್ಟ್ ಸಾಧನದಲ್ಲಿ ಗುರುತು ಮಾಡಿ, ಆಮೇಲೆ `Apply` ಒತ್ತಬೇಕು. ಗುರುತು ಮಾಡಿ `Apply` ಒತ್ತದೆ ಉಳಿಸಿದ ಕಡತದಲ್ಲಿ ಎಲ್ಲವೂ ಹಾಗೇ ಇರುತ್ತದೆ. ಉಚಿತ ರೀಡರ್‌ನಲ್ಲಿ ಈ ಸಾಧನ ಇಲ್ಲ. ಹಣ ಕೊಡದೆ, ಕೋಡ್ ಬರೆಯದೆ ಮಾಡಬೇಕೆಂದರೆ ಲಿಬ್ರೆ ಆಫೀಸ್‌ನಲ್ಲಿ 2019ರ 6.3ನೇ ಆವೃತ್ತಿಯಿಂದ ರಿಡ್ಯಾಕ್ಷನ್ ಸೌಲಭ್ಯವಿದೆ. `Tools` ಪಟ್ಟಿಯಲ್ಲಿ `Redact` ಒತ್ತಿದರೆ ಕಡತ ಡ್ರಾ ಕಿಟಕಿಯಲ್ಲಿ ತೆರೆಯುತ್ತದೆ. ಚೌಕ ಎಳೆದು ಕೊನೆಗೆ ರಿಡ್ಯಾಕ್ಟ್ ಮಾಡಿದ ಪಿಡಿಎಫ್ ಆಗಿಯೇ ಹೊರತೆಗೆಯಬೇಕು. ಅದು ಪುಟಗಳನ್ನು ಚಿತ್ರವಾಗಿ ಬದಲಿಸಿಬಿಡುವುದರಿಂದ ಕೆಳಗೆ ಅಕ್ಷರ ಉಳಿಯುವ ಪ್ರಶ್ನೆಯೇ ಬರುವುದಿಲ್ಲ.

ಮೇಲಿನ ಕೋಡಿನಲ್ಲಿ `scrub` ಮತ್ತು `garbage=4` ಯಾಕೆ ಬೇಕು? ಪುಟದ ಮೇಲೆ ಕಾಣುವುದು ಕಡತದ ಒಂದು ಭಾಗ ಮಾತ್ರ. ಕರ್ತೃವಿನ ಹೆಸರು, ಕಡತದ ಶೀರ್ಷಿಕೆ, ಒಳಗೆ ಲಗತ್ತಾಗಿ ಕೂತ ಎಕ್ಸೆಲ್ ಹಾಳೆ, ಬುಕ್‌ಮಾರ್ಕ್, ಟಿಪ್ಪಣಿಗಳು, ನಮೂನೆಯ ಖಾನೆಗಳಲ್ಲಿ ತುಂಬಿದ ವಿವರ ಎಲ್ಲವೂ ಅದರಲ್ಲಿರಬಹುದು. ಇವುಗಳಲ್ಲಿ ಬುಕ್‌ಮಾರ್ಕ್ ಮತ್ತು ಟಿಪ್ಪಣಿಗಳನ್ನು `scrub` ತೆಗೆಯುವುದಿಲ್ಲ, ಅವನ್ನು ಬೇರೆಯಾಗಿ ಅಳಿಸಬೇಕು. ವರ್ಡ್‌ನಂಥ ತಂತ್ರಾಂಶದಿಂದ ಬಂದ ಕನ್ನಡ ಪಿಡಿಎಫ್‌ಗಳಲ್ಲಿ ಒತ್ತಕ್ಷರಗಳ ಆಕಾರದ ಜೊತೆಗೆ `ActualText` ಎಂಬ ಹೆಸರಿನಲ್ಲಿ ಅದೇ ಪದದ ಶುದ್ಧ ಯೂನಿಕೋಡ್ ರೂಪವೂ ಇರುವುದುಂಟು. ಆಕಾರ ಹೋಗಿ ಅದು ಉಳಿದರೆ ಮಾಡಿದ್ದೆಲ್ಲ ವ್ಯರ್ಥ. ಇದಕ್ಕಿಂತ ಕಾಣದ ಅಪಾಯ ಇನ್ನೊಂದಿದೆ. ಪಿಡಿಎಫ್ ಬದಲಾವಣೆಗಳನ್ನು ಕಡತದ ಕೊನೆಗೆ ಸೇರಿಸಿಕೊಂಡು ಹೋಗಬಲ್ಲದು, ಹಳೆಯ ಪುಟ ಒಳಗೆ ಹಾಗೇ ಕೂತಿರುತ್ತದೆ. ಅಂಥ ಕಡತದ ಬಾಲವನ್ನು ಕತ್ತರಿಸಿದರೆ ತಿದ್ದುವ ಮೊದಲಿನ ರೂಪ ಹೊರಬರುತ್ತದೆ. ಮಾಹಿತಿ ಅಳಿಸಲು ಜನ ಹೆಚ್ಚಾಗಿ ಬಳಸುವ ಎಕ್ಸಿಫ್‌ಟೂಲ್ ಕೂಡ ಪಿಡಿಎಫ್ ವಿಷಯದಲ್ಲಿ ಹೀಗೆ ಕೊನೆಗೆ ಸೇರಿಸುವ ಕ್ರಮವನ್ನೇ ಅನುಸರಿಸುತ್ತದೆ. ಅಳಿಸಿದ್ದನ್ನು ಮರಳಿ ತರಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಹೊಸ ಹೆಸರಿನಲ್ಲಿ, ಬೇಡದ ವಸ್ತುಗಳನ್ನು ಬಿಟ್ಟು, ಪೂರ್ತಿ ಹೊಸದಾಗಿ ಬರೆಸಿದ ಕಡತವನ್ನೇ ಹೊರಗೆ ಕೊಡಬೇಕಾದ್ದು ಇದಕ್ಕಾಗಿ.

ಸ್ಕ್ಯಾನ್ ಮಾಡಿದ ಕಾಗದಕ್ಕೆ ಬೇರೆ ಲೆಕ್ಕ. ಅಲ್ಲಿ ಪುಟವೇ ಒಂದು ಚಿತ್ರ. ಅದರ ಮೇಲೆ ಚೌಕ ಎಳೆದರೂ ಕೆಳಗಿನ ಚಿತ್ರ ಇಡಿಯಾಗಿರುತ್ತದೆ, `pdfimages` ಎಂಬ ಆಜ್ಞೆಯಿಂದ ಅದನ್ನು ಹೊರಗೆಳೆಯಬಹುದು. ಮೊಬೈಲ್‌ನ ಸ್ಕ್ಯಾನರ್ ಆ್ಯಪ್‌ಗಳು ಎಷ್ಟೋ ಸಲ ತಾವಾಗಿಯೇ ಒಸಿಆರ್ ಮಾಡಿ, ಓದಿದ ಅಕ್ಷರಗಳನ್ನು ಚಿತ್ರದ ಹಿಂದೆ ಕಾಣದಂತೆ ಇಟ್ಟಿರುತ್ತವೆ. ಚಿತ್ರದ ಭಾಗ ಅಳಿಸಿದರೂ ಈ ಪದರದಲ್ಲಿ ಹೆಸರು ಉಳಿದೀತು. ಕಾಗದದ ಮೇಲೆಯೇ ಮಾರ್ಕರ್ ಎಳೆದು ಸ್ಕ್ಯಾನ್ ಮಾಡಿದರಾಯಿತಲ್ಲ ಎಂದರೆ, ಮಾರ್ಕರ್‌ನ ಮಸಿ ತೆಳು. ಬಣ್ಣದ ಸ್ಕ್ಯಾನ್‌ನಲ್ಲಿ ಮಸಿಗೂ ಮುದ್ರಣದ ಕಪ್ಪಿಗೂ ಇರುವ ಸಣ್ಣ ವ್ಯತ್ಯಾಸವನ್ನು ಹೆಚ್ಚಿಸಿದರೆ ಅಕ್ಷರ ಎದ್ದು ಬರುತ್ತದೆ. ಮಾರ್ಕರ್ ಎಳೆದ ಹಾಳೆಯನ್ನು ಜೆರಾಕ್ಸ್ ಮಾಡಿ, ಆ ಪ್ರತಿಯನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡುವುದು ವಾಸಿ. ಬಿಳಿ ಕಾಗದದ ತುಂಡು ಅಂಟಿಸಿ ಜೆರಾಕ್ಸ್ ತೆಗೆಯುವುದು ಅದಕ್ಕಿಂತ ಭದ್ರ. ಕಂಪ್ಯೂಟರ್ ಜ್ಞಾನ ಕಡಿಮೆಯಿರುವ ಕಚೇರಿಗೆ ಹತ್ತಾರು ಪುಟದ ಕೆಲಸಕ್ಕೆ ಇದಕ್ಕಿಂತ ನೆಚ್ಚಬಹುದಾದ ದಾರಿ ಇಲ್ಲವೆಂದೇ ಹೇಳಬೇಕು.

ಯಾವುದರ ಮೇಲೂ ನಂಬಿಕೆ ಬಾರದಿದ್ದರೆ ಪ್ರತಿ ಪುಟವನ್ನೂ ಚಿತ್ರ ಮಾಡಿ ಮತ್ತೆ ಪಿಡಿಎಫ್ ಕಟ್ಟುವುದುಂಟು:

```
pdftoppm -r 200 -png patti_horage.pdf puta
img2pdf puta-*.png -o patti_chitra.pdf
```

ಒಂದು ಇಂಚಿಗೆ 200 ಬಿಂದುಗಳ ಲೆಕ್ಕದಲ್ಲಿ ಎ4 ಪುಟ ಸುಮಾರು 1654 × 2339 ಬಿಂದುಗಳ ಚಿತ್ರವಾಗುತ್ತದೆ, ಒತ್ತಕ್ಷರಗಳು ಸ್ಪಷ್ಟವಾಗಿ ಓದಲು ಬರುತ್ತವೆ. ಪರದೆಯ ಮೇಲೆ ಕಂಡದ್ದಷ್ಟೇ ಚಿತ್ರಕ್ಕೆ ಹೋಗುವುದರಿಂದ ಅಡಗಿದ್ದೆಲ್ಲ ಹಿಂದೆ ಉಳಿಯುತ್ತದೆ. ಆದರೆ ಬೆಲೆಯೂ ಇದೆ. ಪಟ್ಟಿಯಲ್ಲಿ ಹೆಸರು ಹುಡುಕಲು ಬರುವುದಿಲ್ಲ, ಕಣ್ಣು ಕಾಣದವರ ಪರದೆ ಓದುವ ತಂತ್ರಾಂಶಕ್ಕೆ ಪುಟ ಖಾಲಿಯಾಗಿ ತೋರುತ್ತದೆ. ಈ ಕಡತಕ್ಕೆ ಮತ್ತೆ ಕನ್ನಡ ಒಸಿಆರ್ ಮಾಡಿಸಬಹುದು. ಆಗ ಹೊಸ ಅಕ್ಷರ ಪದರ ಹುಟ್ಟುವುದು ಉಳಿದ ಭಾಗದಿಂದ ಮಾತ್ರ, ಹಾಗಾಗಿ ಅಪಾಯವಿಲ್ಲ.

ಇನ್ನು ಪರೀಕ್ಷೆ. ಹೊರಗೆ ಕೊಡುವ ಪ್ರತಿಯನ್ನೇ ತೆರೆದು, ಎಲ್ಲವನ್ನೂ ಆಯ್ದು, ಸಾದಾ ಪಠ್ಯವಾಗಿ ಅಂಟಿಸಿ ನೋಡುವುದು ಮೊದಲ ಹೆಜ್ಜೆ. `pdftotext -layout patti_horage.pdf -` ಎಂದರೂ ಅದೇ ಕೆಲಸ ಆಗುತ್ತದೆ. ಮಾದರಿಯ ಪಟ್ಟಿಯಲ್ಲಿ ಸರ್ವೆ ನಂಬರ್ ಮತ್ತು ಮೊತ್ತದ ನಡುವೆ ಖಾಲಿ ಜಾಗ ಮಾತ್ರ ಬರಬೇಕು. ನೋಟ್‌ಪ್ಯಾಡ್‌ನಲ್ಲಿ ಕಡತವನ್ನು ನೇರವಾಗಿ ತೆರೆದು ಆಧಾರ್ ಸಂಖ್ಯೆ ಹುಡುಕಿ, ಸಿಗಲಿಲ್ಲ ಎಂದು ಸಮಾಧಾನಪಡುವಂತಿಲ್ಲ. ಒಳಗಿನ ಆಜ್ಞೆಗಳು ಸಾಮಾನ್ಯವಾಗಿ ಅದುಮಿಟ್ಟ ರೂಪದಲ್ಲಿರುತ್ತವೆ. `qpdf --qdf --object-streams=disable patti_horage.pdf patti_bidisida.pdf` ಆಜ್ಞೆ ಆ ಅದುಮಿದ್ದನ್ನು ಬಿಡಿಸಿ ಕೊಡುತ್ತದೆ. ಬಿಡಿಸಿದ ಮೇಲೂ ಅಕ್ಷರಗಳು ಅಕ್ಷರಶೈಲಿಯ ಒಳಸಂಖ್ಯೆಗಳಾಗಿ ಇರಬಹುದು. ಹಾಗಾಗಿ ನಕಲಿಸಿ ನೋಡುವುದು, ಬಿಡಿಸಿ ನೋಡುವುದು ಎರಡೂ ಬೇಕು. ಮೂಲ ಕಡತಕ್ಕೂ ಇದೇ ಪರೀಕ್ಷೆ ಮಾಡಿ ಅಲ್ಲಿ ಸಂಖ್ಯೆ ಕಾಣಿಸುತ್ತದೆಯೇ ಎಂದು ನೋಡಬೇಕು. ಮೂಲದಲ್ಲೇ ಸಂಖ್ಯೆ ತೋರಿಸದ ಪರೀಕ್ಷೆ ತೆಗೆದ ಕಡತದ ಬಗ್ಗೆ ಏನನ್ನೂ ಹೇಳಲಾರದು.

ಅಕ್ಷರ ನಿಜವಾಗಿ ಹೋದ ಮೇಲೂ ಉಳಿಯುವ ಸುಳಿವುಗಳಿವೆ. ಅಕ್ಷರಗಳ ಅಗಲ ಬೇರೆ ಬೇರೆಯಾದ್ದರಿಂದ ಒಂದೊಂದು ಹೆಸರು ಒಂದೊಂದು ಉದ್ದ. ತೆಗೆದ ಹೆಸರಿನ ಅಕ್ಕಪಕ್ಕದ ಅಕ್ಷರಗಳು ಕೂತ ಜಾಗವನ್ನು ಅಳೆದು, ಸಂಭವನೀಯ ಹೆಸರುಗಳ ಪಟ್ಟಿಗೆ ಹೋಲಿಸಿ ಸರಿಯಾದ ಹೆಸರನ್ನು ಹೆಕ್ಕಬಹುದೆಂದು ಅಮೆರಿಕದ ಸಂಶೋಧಕರು 2022ರಲ್ಲಿ ತೋರಿಸಿದ್ದಾರೆ. ಮತದಾರರ ಪಟ್ಟಿ ಎಲ್ಲರ ಕೈಗೂ ಸಿಗುವ ಹಳ್ಳಿಯಲ್ಲಿ ಆ ಹೋಲಿಕೆ ಸುಲಭವಾಗುತ್ತದೆ. ಹೆಸರಿನ ಉದ್ದಕ್ಕೆ ತಕ್ಕ ಚೌಕ ಬಿಟ್ಟು ಎಲ್ಲ ಸಾಲಿಗೂ ಒಂದೇ ಅಗಲದ ಚೌಕ ಹಾಕಿದರೆ, ಅಥವಾ ಅಂಕಣವನ್ನೇ ತೆಗೆದರೆ, ಕಾಣುವ ಸುಳಿವು ಹೋಗುತ್ತದೆ. ವಾಕ್ಯದ ನಡುವಿನ ಹೆಸರಾದರೆ ಮೂಲದ ವರ್ಡ್ ಕಡತದಲ್ಲೇ ಹೆಸರಿನ ಜಾಗಕ್ಕೆ ‘ಅರ್ಜಿದಾರರು’ ಎಂದು ಹಾಕಿ ಹೊಸ ಪಿಡಿಎಫ್ ಮಾಡುವುದು ಸರಿ. ಆಗ ಸಾಲೇ ಹೊಸದಾಗಿ ಜೋಡಣೆಯಾಗುತ್ತದೆ.

ಇದಕ್ಕಿಂತ ನಮ್ಮ ಊರುಗಳಲ್ಲಿ ಹೆಚ್ಚು ಕಾಡುವುದು ಸರ್ವೆ ನಂಬರ್. ಕರ್ನಾಟಕದ ಭೂಮಿ ವ್ಯವಸ್ಥೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ ಕೊಟ್ಟರೆ ಪಹಣಿ ತೆರೆದುಕೊಳ್ಳುತ್ತದೆ, ಅದರಲ್ಲಿ ಮಾಲೀಕರ ಹೆಸರು ಇರುತ್ತದೆ. ಕಾಗದದಲ್ಲಿ ಹೆಸರನ್ನು ಎಷ್ಟೇ ಶುದ್ಧವಾಗಿ ತೆಗೆದರೂ ಹಿರೇಗುಂಟನೂರು ಹೋಬಳಿಯ ಇಂಥ ಗ್ರಾಮ, ಇಂಥ ಸರ್ವೆ ನಂಬರ್ ಎಂದು ಬಿಟ್ಟಿದ್ದರೆ ಮೊಬೈಲ್ ಹಿಡಿದ ಯಾರು ಬೇಕಾದರೂ ಹೆಸರು ಕಂಡುಕೊಳ್ಳಬಹುದು. ಹೆಸರು ಗುಟ್ಟಾಗಿರಬೇಕಾದ ಪ್ರಕರಣದಲ್ಲಿ ಸರ್ವೆ ನಂಬರ್, ಪಡಿತರ ಚೀಟಿ ಸಂಖ್ಯೆ, ಜಾಬ್ ಕಾರ್ಡ್ ಸಂಖ್ಯೆ, ಅರ್ಜಿಯ ನೋಂದಣಿ ಸಂಖ್ಯೆ ಇವೆಲ್ಲ ಹೆಸರಿಗೆ ಸಮ. ಅದೇ ಪಟ್ಟಿಯ ಹಳೆಯ ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲೋ ವಾಟ್ಸ್ಆ್ಯಪ್ ಗುಂಪಿನಲ್ಲೋ ಇದ್ದರೆ, ಕ್ರಮ ಸಂಖ್ಯೆ ಹೋಲಿಸಿದರೂ ಸಾಕು.

ಮೂಲ ಕಡತವನ್ನು ಮಾತ್ರ ಮುಟ್ಟಬಾರದು. ಅದು ಕಚೇರಿಯ ದಾಖಲೆ, ಮೇಲ್ಮನವಿ ಬಂದರೆ ಅದನ್ನೇ ಹಾಜರುಪಡಿಸಬೇಕಾಗುತ್ತದೆ. ತೆಗೆಯುವ ಕೆಲಸ ಪ್ರತಿಯ ಮೇಲೆ ನಡೆಯಬೇಕು, ಪ್ರತಿಯ ಹೆಸರು ಬೇರೆ ಇರಬೇಕು, ಎರಡೂ ಒಂದೇ ಫೋಲ್ಡರ್‌ನಲ್ಲಿ ಇರಬಾರದು. ಎಲ್ಲ ಸರಿಯಾಗಿ ಮಾಡಿ ಇಮೇಲ್‌ಗೆ ಲಗತ್ತಿಸುವಾಗ `patti_horage.pdf` ಬದಲು `patti.pdf` ಒತ್ತಿದರೆ ಮೇಲೆ ಹೇಳಿದ ಯಾವ ಕ್ರಮವೂ ಉಪಯೋಗಕ್ಕೆ ಬರುವುದಿಲ್ಲ. ಅರ್ಜಿದಾರರಿಗೆ ಕೊಡುವ ಪತ್ರದಲ್ಲಿ ಒಂದು ಭಾಗವನ್ನು ತೆಗೆದು ಕೊಡಲಾಗಿದೆ, ಅದಕ್ಕೆ ಕಾರಣವೇನು, ತೀರ್ಮಾನಿಸಿದ ಅಧಿಕಾರಿ ಯಾರು ಎಂದು ಬರೆಯಬೇಕೆಂಬುದು 10ನೇ ಕಲಮಿನಲ್ಲೇ ಇದೆ. ಅದರ ಆಧಾರದ ಮೇಲೆ ಅರ್ಜಿದಾರರು ಮೊದಲ ಮೇಲ್ಮನವಿ ಹೂಡಬಹುದು.